ಹೌದಪ್ಪನಿಂದ ಅಲ್ಲವೆನ್ನಿಸುವುದು

ಚಾಟ್‌ಬಾಟ್ ಬರೀ ಹೊಗಳುತ್ತದೆ ಎಂದು ದೂರುವವರಿಗೆ ಈಗ ಎಲ್ಲರೂ ಹೇಳುವ ಮದ್ದು ಒಂದೇ: ‘ಮುಲಾಜಿಲ್ಲದೆ, ನಿಷ್ಠುರವಾಗಿ ಹೇಳು’ ಎಂದು ಮೊದಲೇ ಬರೆದುಬಿಡಿ. ಈ ಸಲಹೆ ರೋಗವನ್ನೇ ತಪ್ಪಾಗಿ ಗುರುತಿಸಿದೆ. ಎದುರಿಗಿರುವವರಿಗೆ ಯಾವ ಉತ್ತರ ಹಿತವಾದೀತು ಎಂದು ಊಹಿಸಿ ಅದನ್ನೇ ಕೊಡುವುದು ಚಾಟ್‌ಬಾಟಿನ ದೋಷ. ಹೊಗಳಿಕೆ ಆ ದೋಷದ ಒಂದು ರೂಪ ಮಾತ್ರ. ನಿಷ್ಠುರತೆ ಬೇಕೆಂದವರಿಗೆ ಅದು ನಿಷ್ಠುರತೆಯನ್ನೂ ಹಿತವಾಗುವ ಹಾಗೆ ಬಡಿಸುತ್ತದೆ. ಚೆನ್ನಾಗಿರುವ ಬರಹದಲ್ಲೂ ಹುಳುಕು ಹುಡುಕಿ ಕೊಡುತ್ತದೆ.

ಇದರ ಮೂಲ ತರಬೇತಿಯಲ್ಲಿದೆ. ಒಂದೇ ಪ್ರಶ್ನೆಗೆ ಬಂದ ಎರಡು ಉತ್ತರಗಳನ್ನು ಮನುಷ್ಯರ ಮುಂದಿಟ್ಟು ಯಾವುದು ಮೇಲು ಎಂದು ಕೇಳುತ್ತಾರೆ. ಇಂಥ ಸಾವಿರಾರು ತೀರ್ಪುಗಳಿಂದ, ಉತ್ತರಗಳಿಗೆ ಅಂಕ ಕೊಡುವ ಇನ್ನೊಂದು ಮಾದರಿಯನ್ನು ತಯಾರಿಸುತ್ತಾರೆ. ಆ ಅಂಕ ಹೆಚ್ಚುವ ಕಡೆಗೆ ಚಾಟ್‌ಬಾಟನ್ನು ತಿದ್ದುತ್ತಾ ಹೋಗುತ್ತಾರೆ. ತೀರ್ಪು ಕೊಡುವವರು ಮನುಷ್ಯರು. ತಮ್ಮ ಅಭಿಪ್ರಾಯಕ್ಕೆ ಹೊಂದುವ ಮಾತು ಅವರಿಗೆ ಸ್ವಲ್ಪ ಹೆಚ್ಚು ಸರಿಯೆನಿಸುತ್ತದೆ. ಆ ಸ್ವಲ್ಪವೇ ಲಕ್ಷಾಂತರ ಬಾರಿ ಅಂಕವಾಗಿ ಕೂಡಿಕೊಂಡಾಗ ಒಪ್ಪುವುದು ಅಭ್ಯಾಸವಾಗುತ್ತದೆ. 2023ರಲ್ಲಿ ಆಂಥ್ರೋಪಿಕ್ ಕಂಪನಿಯ ಸಂಶೋಧಕರು ಐದು ಚಾಟ್‌ಬಾಟ್‌ಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ವಾದವನ್ನು ‘ನನಗಿದು ಬಹಳ ಇಷ್ಟ’ ಎಂದು ಕೊಟ್ಟರೆ ವಿಮರ್ಶೆ ಮೃದುವಾಯಿತು, ‘ಇಷ್ಟವಿಲ್ಲ’ ಎಂದು ಕೊಟ್ಟರೆ ಕಟುವಾಯಿತು. ಸರಿಯುತ್ತರ ಕೊಟ್ಟ ಮೇಲೂ ‘ಅದು ಸರಿಯಲ್ಲ ಅನ್ನಿಸುತ್ತದೆ, ಖಚಿತವೇ?’ ಎಂದು ಕೇಳಿದ್ದಕ್ಕೇ ಎಷ್ಟೋ ಸಲ ಚಾಟ್‌ಬಾಟ್‌ಗಳು ಕ್ಷಮೆ ಕೇಳಿ ಉತ್ತರ ಬದಲಿಸಿದವು. 2025ರ ಏಪ್ರಿಲ್ ಕೊನೆಯಲ್ಲಿ ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಯ ಹೊಸ ಆವೃತ್ತಿಯನ್ನು ಬಿಟ್ಟು, ಅದರ ಮುಖಸ್ತುತಿ ಅತಿಯಾಯಿತೆಂದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಬಳಕೆದಾರರು ಒತ್ತುವ ಮೆಚ್ಚುಗೆಯ ಹೆಬ್ಬೆರಳನ್ನೂ ತರಬೇತಿಯ ಅಂಕಕ್ಕೆ ಸೇರಿಸಿದ್ದು ಅದಕ್ಕೊಂದು ಕಾರಣವಾಗಿರಬಹುದೆಂದು ಕಂಪನಿಯೇ ಆಮೇಲೆ ವಿವರಿಸಿತು. ಆಗ ತಪ್ಪಿದ್ದು ಅಳತೆ ಮಾತ್ರ. ಒಲವು ಮೊದಲಿನಿಂದಲೂ ಅಲ್ಲೇ ಇತ್ತು.

ಹಾಗಾದರೆ ಮಾಡಬೇಕಾದದ್ದು, ಚಾಟ್‌ಬಾಟ್ ಊಹಿಸಲು ಹಿಡಿಯುವ ಸುಳಿವನ್ನೇ ಕಿತ್ತುಕೊಳ್ಳುವುದು. ಒಬ್ಬರು ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಬೆಣ್ಣೆದೋಸೆ ಹೋಟೆಲ್ ಇಡುತ್ತಾರೆಂದುಕೊಳ್ಳೋಣ. ತಿಂಗಳಿಗೆ ಬಾಡಿಗೆ 60 ಸಾವಿರ, ಸಂಬಳ 90 ಸಾವಿರ, ಸಾಲದ ಕಂತು 35 ಸಾವಿರ. ಸಾಮಗ್ರಿಯ ಖರ್ಚು ಕಳೆದು ಒಂದು ದೋಸೆಗೆ ಉಳಿಯುವುದು 30 ರೂಪಾಯಿ. ‘ಬಹಳ ದಿನದ ಕನಸು, ಕೆಲಸಕ್ಕೆ ರಾಜೀನಾಮೆ ಕೊಡಬೇಕೆಂದಿದ್ದೇನೆ, ಹೇಗಿದೆ?’ ಎಂದು ಬರೆದರೆ ಆ ವಾಕ್ಯದಲ್ಲೇ ಬೇಕಾದ ಉತ್ತರವೂ ಇದೆ. ಧೈರ್ಯದ ಪ್ರಶಂಸೆ, ಹೆಸರಿನ ಸಲಹೆಗಳು ಬರುತ್ತವೆ. ಅದೇ ಅಂಕಿಗಳನ್ನು ಹೊಸ ಸಂಭಾಷಣೆಯಲ್ಲಿ ಹೀಗೆ ಕೊಡಬೇಕು: ‘ಸಾಲ ಕೇಳಿ ಒಬ್ಬರು ಈ ಯೋಜನೆ ಕೊಟ್ಟಿದ್ದಾರೆ. ನಷ್ಟವಾಗದಿರಲು ದಿನಕ್ಕೆ ಎಷ್ಟು ದೋಸೆ ಮಾರಬೇಕು? ಯಾವ ಅಂಕಿ ತಪ್ಪಿದರೆ ಯೋಜನೆ ಕುಸಿಯುತ್ತದೆ?’ ಆಗ ಉತ್ತರ ಲೆಕ್ಕಕ್ಕೆ ಬರಲೇಬೇಕು: 1.85 ಲಕ್ಷವನ್ನು 30ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 6,170, ಅಂದರೆ ಒಂದು ದಿನವೂ ಬಾಗಿಲು ಹಾಕದೆ ದಿನಕ್ಕೆ 206 ದೋಸೆ. ದೋಸೆಗೆ ಉಳಿಯುವುದು 30ರಿಂದ 25ಕ್ಕೆ ಇಳಿದರೆ ಅದೇ 247 ಆಗುತ್ತದೆ. ಬೆಣ್ಣೆಯ ಬೆಲೆ ಏರಿದರೆ ಏನು ಗತಿ ಎಂಬ ಪ್ರಶ್ನೆ ಇಲ್ಲಿ ತಾನಾಗಿಯೇ ಹುಟ್ಟುತ್ತದೆ. ಇನ್ನೊಂದು ಸಂಭಾಷಣೆಯಲ್ಲಿ ಇದೇ ಯೋಜನೆಯನ್ನು ಎದುರು ಅಂಗಡಿಯವರದ್ದೆಂದು ಹೇಳಿ ಕೇಳಿನೋಡಬಹುದು. ಹೇಳಿಕೊಂಡವರು ಯಾರೆಂಬುದರ ಮೇಲೆ ತೀರ್ಪು ಬದಲಾದರೆ, ಬದಲಾದಷ್ಟು ಭಾಗವನ್ನು ಧಾರಾಳವಾಗಿ ತಳ್ಳಿಹಾಕಬಹುದು. ಎಲ್ಲ ಸಲವೂ ಉಳಿದ ಆಕ್ಷೇಪವೇ ಗಮನಕ್ಕೆ ಅರ್ಹ.

ಮನಸ್ಸು ಕುಗ್ಗಿದವರಿಗೆ ಪ್ರೋತ್ಸಾಹ ಬೇಡವೇ ಎಂದು ಕೇಳುವವರ ಮಾತನ್ನು ನಾನು ಗೌರವಿಸುತ್ತೇನೆ. ಮೊದಲ ಕಥೆ ಬರೆದ ವಿದ್ಯಾರ್ಥಿಗೆ ದೋಷಗಳ ಪಟ್ಟಿ ಕೊಟ್ಟರೆ ಎರಡನೆಯ ಕಥೆ ಬಾರದೇ ಹೋಗಬಹುದು. ಆದರೆ ಅಕ್ಕರೆ ಹೇಳುವ ಧಾಟಿಯಲ್ಲಿರಲಿ, ಹೇಳುವ ವಿಷಯದಲ್ಲಿ ಬೇಡ. ಒಳ್ಳೆಯ ಮೇಷ್ಟ್ರು ಮೆಲ್ಲಗೆ ಹೇಳುತ್ತಾರೆ, ಆದರೆ ತಪ್ಪನ್ನು ಸರಿಯೆನ್ನುವುದಿಲ್ಲ. ಯಂತ್ರದ ಮಾತನ್ನು ಯಾರು ನಂಬುತ್ತಾರೆ ಎನ್ನುವವರು, ಮದ್ದು, ಮದುವೆ, ಕೋರ್ಟು ಕೇಸುಗಳ ಬಗ್ಗೆ ಜನ ಅದರ ಹತ್ತಿರ ಏನೇನು ಕೇಳುತ್ತಿದ್ದಾರೆಂಬುದನ್ನು ನೋಡಿಲ್ಲ. ಕಂಪನಿಗಳೇ ಇದನ್ನು ತಿದ್ದುತ್ತಿವೆಯಲ್ಲ ಎಂಬ ಮಾತು ನಿಜ. ಆದರೂ ಬಳಕೆದಾರ ನಾಳೆ ಮರಳಿ ಬರಬೇಕೆಂಬ ವ್ಯಾಪಾರ ಇರುವವರೆಗೆ ಒಪ್ಪಿಗೆಯ ಕಡೆಗಿನ ಸೆಳೆತ ಪೂರ್ತಿ ಹೋಗುವುದಿಲ್ಲ.

ಸುಳಿವು ಮುಚ್ಚಿಟ್ಟರೂ ಒಂದು ಮಿತಿ ಉಳಿಯುತ್ತದೆ. ಬಳಕೆದಾರ ತಾನೇ ಹೇಳದ ಸಂಗತಿ, ಉದಾಹರಣೆಗೆ ಆ ಬೀದಿಯಲ್ಲಿ ಈಗಾಗಲೇ ನಾಲ್ಕು ಹೋಟೆಲುಗಳಿವೆ ಎಂಬುದು, ಚಾಟ್‌ಬಾಟಿಗೆ ಗೊತ್ತಿರುವುದಿಲ್ಲ. ಹಾಗಾಗಿ ಅದು ಭಿನ್ನಾಭಿಪ್ರಾಯ ಹೇಳಿದಾಗಲೂ ‘ಇದು ನಾನು ಕೊಟ್ಟ ಯಾವ ಅಂಕಿಯ ಮೇಲೆ ನಿಂತಿದೆ?’ ಎಂದು ಕೇಳಬೇಕು. ನಾವು ತಿರುಗಿ ವಾದಿಸಿದಾಗ ಅದು ಮನಸ್ಸು ಬದಲಿಸಿದರೆ, ನಮ್ಮ ಮಾತಿನಲ್ಲಿ ಹೊಸ ಮಾಹಿತಿ ಏನಿತ್ತೆಂದು ನಾವೇ ನೋಡಿಕೊಳ್ಳಬೇಕು. ಬರೀ ಬೇಸರವಷ್ಟೇ ಇದ್ದಿದ್ದರೆ, ಅದು ಮೊದಲು ಕೊಟ್ಟ ಉತ್ತರಕ್ಕೇ ಹಿಂತಿರುಗುವುದು ಲೇಸು.