ಮಳೆಗಾಲದ ಒಂದು ಸೌಟು ಅನ್ನ

ಜೂನ್ ತಿಂಗಳ ಮೊದಲ ವಾರಗಳು ಕಳೆದುವೆಂದರೆ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಬೆಳಗಿನ ನಡಿಗೆಯವರ ದಾರಿ ಮುಚ್ಚಿತೆಂದೇ ಲೆಕ್ಕ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ, ಹೊನ್ನಾವರದ ಬಳಿಯ ಕಾಸರಕೋಡಿನ ಮರಳ ಮೇಲಾಗಲಿ, ಕುಮಟೆಯ ಕಡಲ ದಂಡೆಯಲ್ಲಾಗಲಿ ದಿನವೂ ಬಿರುಸಾಗಿ ನಡೆಯುವುದು ಸೆಪ್ಟೆಂಬರ್‌ವರೆಗೆ ಸಾಧ್ಯವಾಗದು. ಅಷ್ಟಕ್ಕೇ ಕೈಚೆಲ್ಲದವರು ಜಗಲಿಯಲ್ಲಿ ಚಾಪೆ ಹಾಸಿ ಯೋಗಾಸನಗಳನ್ನು ಆರಂಭಿಸುತ್ತಾರೆ. ಒಳ್ಳೆಯದೇ. ಆದರೆ ದೀಪಾವಳಿಯ ಹೊತ್ತಿಗೆ ಕಳೆದ ವರ್ಷದ ರವಿಕೆ ಬಿಗಿಯಾಗಿರುತ್ತದೆ. "ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಲಿಲ್ಲವಲ್ಲ!" ಎಂಬ ಅಚ್ಚರಿ ಬೇರೆ. ಇದಕ್ಕೆ ಉತ್ತರವನ್ನು ಹುಡುಕಬೇಕಾದುದು ಚಾಪೆಯ ಮೇಲಲ್ಲ, ಊಟದ ತಟ್ಟೆಯಲ್ಲಿ.

ಕುಮಟೆಯಲ್ಲಿ 60 ಕಿಲೋ ತೂಕದ ಒಬ್ಬ ಗೃಹಿಣಿಯನ್ನು ಭಾವಿಸಿಕೊಳ್ಳೋಣ. ಅವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ, ಆ ಹೊತ್ತು ಸುಮ್ಮನೆ ಕುಳಿತಿದ್ದಾಗ ವೆಚ್ಚವಾಗುತ್ತಿದ್ದುದನ್ನು ಕಳೆದು, ದೇಹಕ್ಕೆ ಹೆಚ್ಚಾಗಿ ತಗಲುವ ವೆಚ್ಚ ಸುಮಾರು 150 ಕ್ಯಾಲೊರಿ. ಅಷ್ಟೇ ಹೊತ್ತು ನಿಧಾನವಾಗಿ ಆಸನಗಳನ್ನು ಮಾಡಿದರೆ ಸುಮಾರು 70. ಎರಡಕ್ಕೂ ಇರುವ ಅಂತರ 80 ಕ್ಯಾಲೊರಿ. ಅಕ್ಕಿಯಲ್ಲಿ ಹೇಳುವುದಾದರೆ 20-25 ಗ್ರಾಂ. ಬೆಂದ ಮೇಲೆ ಒಂದು ಸಣ್ಣ ಸೌಟು ಕುಚ್ಚಲಕ್ಕಿ ಅನ್ನ.

ಇಷ್ಟು ಅಲ್ಪವಾದುದಕ್ಕೆ ಲೆಕ್ಕವೇಕೆ ಎನ್ನಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 100 ದಿನ ಈ ಒಂದು ಸೌಟು ಉಳಿದುಕೊಂಡರೆ 8,000 ಕ್ಯಾಲೊರಿಯಾಗುತ್ತದೆ. ಅದು ಹೆಚ್ಚುಕಡಿಮೆ ಒಂದು ಕಿಲೋ ಕೊಬ್ಬಿಗೆ ಸಮ. ದೇಹ ತಾನೇ ಹೊಂದಿಕೊಂಡು ಅದರಲ್ಲಿ ಸ್ವಲ್ಪವನ್ನು ವ್ಯಯಿಸೀತು. ಆದರೂ ಪ್ರತಿ ಮಳೆಗಾಲವೂ ಬಿಟ್ಟುಹೋದುದನ್ನು ಬೇಸಗೆ ಪೂರ್ತಿ ಕರಗಿಸದಿದ್ದರೆ ಹತ್ತು ವರ್ಷಗಳಲ್ಲಿ ಮೊಣಕಾಲು ಅದನ್ನು ಹೇಳಿಯೇ ಹೇಳುತ್ತದೆ.

ನಡಿಗೆ ಕಡಿಮೆಯಾದರೆ ಹಸಿವೂ ತಾನಾಗಿ ಕಡಿಮೆಯಾಗಬೇಕಲ್ಲವೆ? ಇಲ್ಲಿಯೇ ನಾವು ಮೋಸಹೋಗುವುದು. 1956ರಲ್ಲಿ ಜಾನ್ ಮೇಯರ್ ಎಂಬ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯ ಊಟ, ತೂಕ, ಕೆಲಸಗಳನ್ನು ಹೋಲಿಸಿ ನೋಡಿದ ವರದಿಯನ್ನು ಪ್ರಕಟಿಸಿದರು. ಕೆಲಸ ಹೆಚ್ಚಿದಂತೆ ಊಟವೂ ಹೆಚ್ಚಿದ್ದುದು ಸಹಜವೇ. ಆದರೆ ಕುಳಿತೇ ಕೆಲಸ ಮಾಡುವವರಲ್ಲಿ ಊಟ ಕಡಿಮೆಯಿರಲಿಲ್ಲ. ಲಘು ಕೆಲಸ ಮಾಡುವವರಿಗಿಂತ ಹೆಚ್ಚೇ ಇತ್ತು, ತೂಕವೂ ಹಾಗೆಯೇ. ಬೇರೆಬೇರೆ ಉದ್ಯೋಗದವರನ್ನು ಹೋಲಿಸಿದ ಅವಲೋಕನವಷ್ಟೇ ಇದು, ಕೊನೆಯ ಮಾತೆನ್ನಲಾಗದು. ಆದರೂ ಕೆಲಸ ತೀರ ಇಳಿದ ಮೇಲೆ ಹಸಿವು ಅದರ ಬೆನ್ನುಹಿಡಿದು ಇಳಿಯುವುದಿಲ್ಲವೆಂಬುದು ನಮ್ಮ ಮನೆಗಳಲ್ಲೂ ಕಾಣುವ ಸಂಗತಿ. ಆದುದರಿಂದ ಆಸನದ ದಿನ ಎಷ್ಟು ಉಣ್ಣಬೇಕೆಂಬುದನ್ನು ಹಸಿವಿಗೆ ಬಿಡದೆ, ಬೆಳಗಿನ ವ್ಯಾಯಾಮವನ್ನು ನೋಡಿ ನಾವೇ ನಿಶ್ಚಯಿಸಬೇಕು.

ಹೇಗೆ? ಮೂರೂ ಹೊತ್ತಿನ ಊಟವನ್ನು ಕಲಕುವುದು ಬೇಡ. ಆಸನಗಳನ್ನು ಬರಿಹೊಟ್ಟೆಯಲ್ಲಿ ಮಾಡುವುದರಿಂದ ಬೆಳಗಿನ ದೋಸೆಯನ್ನು ಕಡಿತಗೊಳಿಸಿದರೆ ಹನ್ನೊಂದು ಗಂಟೆಗೇ ಅಡಿಗೆಮನೆಯ ಡಬ್ಬಿಗಳು ಕರೆಯತೊಡಗುತ್ತವೆ. ರಾತ್ರಿಯೂ ಎಂದಿನಂತಿರಲಿ. ಬದಲಾಯಿಸಬೇಕಾದುದು ಮಧ್ಯಾಹ್ನದ ಅನ್ನವೊಂದನ್ನೇ. ನಡಿಗೆಯ ದಿನ ನಾಲ್ಕು ಸಣ್ಣ ಸೌಟು ಉಣ್ಣುವವರು ಆಸನದ ದಿನ ಮೂರಕ್ಕೆ ನಿಲ್ಲಿಸಲಿ. ತೆರವಾದ ಜಾಗಕ್ಕೆ ಬಸಳೆ, ಹರಿವೆ, ತೊಂಡೆಕಾಯಿಗಳ ಪಲ್ಯ ಬರಲಿ. ಮಿತಾಹಾರಿಯು ಹೊಟ್ಟೆಯ ಕಾಲುಭಾಗವನ್ನು ಬರಿದಾಗಿ ಬಿಡಬೇಕೆಂದು 'ಹಠಯೋಗಪ್ರದೀಪಿಕೆ'ಯೂ ವಿಧಿಸುತ್ತದೆ. ಮೂರು ಸೌಟನ್ನೂ ಒಮ್ಮೆಗೇ ಬಡಿಸಿಕೊಂಡು ಪಾತ್ರೆಯನ್ನು ಒಳಗಿಡುವುದು ಲೇಸು. ಎದುರಿಗಿದ್ದರೆ ನಾಲ್ಕನೆಯ ಸೌಟು ಮಾತಿನ ಮಧ್ಯೆ ತಟ್ಟೆಗೆ ಬಂದುಬಿಡುತ್ತದೆ.

ಮೀನು ತಿನ್ನುವ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೆ ನಿಷೇಧವಿರುವುದರಿಂದ ಹಸಿಮೀನು ವಿರಳ. ತಟ್ಟೆಯಿಂದ ಮೀನು ಹೋದಾಗ ಆ ಸ್ಥಳವನ್ನು ಅನ್ನವೇ ತುಂಬುತ್ತದೆ. ಹೊಟ್ಟೆ ತುಂಬಿದ ತೃಪ್ತಿ ಮಾತ್ರ ಬೇಗನೆ ಕರಗುತ್ತದೆ. ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಮೊಟ್ಟೆ, ಮೊಸರು, ಇವುಗಳಲ್ಲೊಂದು ಆ ದಿನ ಇದ್ದರೆ ಮೂರು ಸೌಟು ಸಾಲದೆನಿಸದು.

ಆದರೆ ಮಧ್ಯಾಹ್ನ ಉಳಿಸಿದುದನ್ನು ಸಂಜೆ ಕಳೆಯಬಾರದಷ್ಟೆ! ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳಕ್ಕೆ ಮುಹೂರ್ತ ಬರುವುದೇ ಹೊರಗೆ ಮಳೆ ಬಡಿಯುವಾಗ. ಒಂದು ಹಪ್ಪಳ ಅರ್ಧ ಚಹಾಚಮಚೆ ಎಣ್ಣೆಯನ್ನು ಹೀರಿತೆಂದರೂ, ನಾಲ್ಕು ಹಪ್ಪಳಗಳ ಎಣ್ಣೆಯಿಂದಲೇ 90 ಕ್ಯಾಲೊರಿ. ಬಿಟ್ಟ ಸೌಟು ಮರಳಿ ಬಂದಂತಾಯಿತು. ಜೊತೆಗೆ ಕಡಿಯುವ 20 ಗ್ರಾಂ ಹಸಿ ಕೊಬ್ಬರಿಯಿಂದ ಮತ್ತೊಂದು ಸೌಟಿನಷ್ಟು. ಹಪ್ಪಳದ ಹಿಟ್ಟು ಇನ್ನೂ ಲೆಕ್ಕಕ್ಕೆ ಸೇರಿಲ್ಲ. ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು, ಎರಡಕ್ಕೆ ಸಾಕುಮಾಡಿದರೆ ರುಚಿಯೂ ಉಂಟು, ಲೆಕ್ಕವೂ ತಪ್ಪದು.

ನಡಿಗೆಯ ದಿನಗಳಲ್ಲಿ ತಪ್ಪು ತಿರುಗುಮುರುಗಾಗಿರುತ್ತದೆ. "ಇಷ್ಟು ನಡೆದು ಬಂದೆನಲ್ಲ" ಎಂಬ ಧೈರ್ಯದಿಂದ ಬೆಣ್ಣೆ ಹಾಕಿದ ಎರಡು ದೋಸೆ ಹೆಚ್ಚಿಗೆ ತಿಂದರೆ, ಇಡೀ ನಡಿಗೆಯ 150 ಕ್ಯಾಲೊರಿ ಅಲ್ಲಿಗೇ ಮುಗಿದು ಮೇಲೆ ಸಾಲವೂ ಉಳಿಯುತ್ತದೆ.

ಯಾವ ದಿನವನ್ನು ಲಘುವೆನ್ನಬೇಕೆಂಬುದಕ್ಕೆ ಸುಲಭ ಪರೀಕ್ಷೆಯಿದೆ. ಬಿರುಸು ನಡಿಗೆಯಲ್ಲಿ ಮಾತನಾಡಬಹುದು, ಹಾಡಲಾಗದು. ವ್ಯಾಯಾಮದ ನಡುವೆ ಹಾಡು ಹೇಳುವಷ್ಟು ಉಸಿರು ಉಳಿದಿದ್ದರೆ ಅದು ಲಘು ದಿನ. ಅರ್ಧ ಗಂಟೆ ಬಿಡುವಿಲ್ಲದೆ ವೇಗವಾಗಿ ಸೂರ್ಯನಮಸ್ಕಾರ ಹಾಕಿ ಏದುಸಿರು ಬಂದರೆ, ಆಸನದ ಹೆಸರಿದ್ದರೂ ಅದನ್ನು ನಡಿಗೆಯ ಲೆಕ್ಕಕ್ಕೇ ಸೇರಿಸಬಹುದು.

ಲೆಕ್ಕ ಸರಿಯೇ ಎಂದು ತಿಳಿಯಲು ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಉಪ್ಪು, ನೀರಿನ ವ್ಯತ್ಯಾಸದಿಂದಲೇ ತೂಕ ಅರ್ಧ ಕಿಲೋ ಹಿಂದುಮುಂದಾಗುವುದುಂಟು; ಒಂದು ವಾರದ ಏರಿಕೆಗೆ ಗಾಬರಿ ಬೇಡ. ನಾಲ್ಕು ವಾರ ಒಂದೇ ಸಮನೆ ಏರಿದರೆ ಮೊದಲು ಸಂಜೆಯ ತಿಂಡಿಯನ್ನು ವಿಚಾರಿಸಿ, ಅನ್ನವನ್ನು ಆಮೇಲೆ. ತೂಕ ಇಳಿಯುತ್ತ ಸಂಜೆಯ ವೇಳೆಗೆ ನಿಶ್ಶಕ್ತಿಯಾದರೆ ಬಿಟ್ಟ ಸೌಟನ್ನು ಮರಳಿ ಹಾಕಿಕೊಳ್ಳಿ.

ಈ ಕ್ರಮ ಎಲ್ಲರಿಗೂ ಅಲ್ಲ. ಸಕ್ಕರೆ ರೋಗಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಕಡಿಮೆಮಾಡಕೂಡದು. ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಬೆವರು, ನಡುಕ, ತಲೆಸುತ್ತು ಬರುವ ಅಪಾಯವುಂಟು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೊದಲೇ ಸೊರಗಿರುವ ವೃದ್ಧರು, ಇವರ ತಟ್ಟೆಯಲ್ಲಿ ಸೌಟುಗಳನ್ನು ಎಣಿಸುವುದೇ ಬೇಡ.

ಉಳಿದವರಿಗೆ ನೆನಪಿಡಬೇಕಾದುದು ಇಷ್ಟೇ: ಚಾಪೆ ಹಾಸಿದ ದಿನ ಒಂದು ಸೌಟು ಕಡಿಮೆ, ಚಪ್ಪಲಿ ಮೆಟ್ಟಿ ಹೊರಟ ದಿನ ಎಂದಿನ ಊಟ. ಇದಕ್ಕಿಂತ ಹೆಚ್ಚಿನ ಉಪವಾಸವೂ ಬೇಡ, ಉಪಚಾರವೂ ಬೇಡ.