‘ಬಡ್ಡಿ ಕಟ್ಟಿದ್ರೆ ಸಾಕು’ ಅನ್ನೋರು ಅಸಲಿನ ಮಾತು ಯಾಕೆ ಎತ್ತಲ್ಲ?

ಬಂಗಾರದ ಸಾಲ ಕೊಡುವ ಕಡೆ ಹೋದರೆ ಮೊದಲು ಕೇಳಿಸುವ ಮಾತು ಇದು: “ತಿಂಗಳಿಗೆ ಬಡ್ಡಿ ಕಟ್ಟಿದ್ರೆ ಸಾಕು, ಅಸಲು ನಿಮ್ಮ ಕೈಗೆ ದುಡ್ಡು ಬಂದಾಗ ಕೊಡಿ.” ಕೇಳೋಕೆ ಹಿತ. ಆದರೆ ಈ ಮಾತು ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧ ನಮ್ಮ ಸರ ಬಳೆಗೆ ಸಂಬಂಧಪಟ್ಟಿದ್ದು.

1 ಲಕ್ಷ ಸಾಲ, ವರ್ಷಕ್ಕೆ ಶೇ. 12 ಬಡ್ಡಿ ಅಂತ ಇಟ್ಟುಕೊಳ್ಳಿ. ಅಂದರೆ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಬಡ್ಡಿ ಮಾತ್ರ ಕಟ್ಟುವವರಿಗೆ ತಿಂಗಳಿಗೆ 1,000 ರೂಪಾಯಿ. ವರ್ಷ ಮುಗಿದಾಗ ರಿನ್ಯೂವಲ್ ಮಾಡಿಸಿ, ಮತ್ತೆ ಮಾಡಿಸಿ, 3 ವರ್ಷ ಹೀಗೇ ನಡೆಸಿದರೆ ಕಟ್ಟಿದ್ದು 36,000. ಬಾಕಿ? ಅದೇ 1 ಲಕ್ಷ. ಒಂದು ರೂಪಾಯಿಯೂ ಕಮ್ಮಿ ಆಗಿರಲ್ಲ.

ಇದೇ ಸಾಲವನ್ನು 3 ವರ್ಷದ ಕಂತು ಮಾಡಿಸಿಕೊಂಡರೆ ತಿಂಗಳಿಗೆ ಸುಮಾರು 3,321 ಆಗುತ್ತದೆ. ಮೊದಲ ಕಂತಿನಲ್ಲಿ 1,000 ಬಡ್ಡಿಗೆ ಹೋಗಿ 2,321 ಅಸಲಿಗೆ ಜಮಾ ಆಗುತ್ತದೆ. ಅಸಲು 97,679ಕ್ಕೆ ಇಳಿದಿದ್ದರಿಂದ ಮುಂದಿನ ತಿಂಗಳ ಬಡ್ಡಿ 977 ಮಾತ್ರ. ಕಂತು ಅಷ್ಟೇ ಇದ್ದರೂ ಅದರೊಳಗೆ ಬಡ್ಡಿಯ ಪಾಲು ತಿಂಗಳು ತಿಂಗಳು ಸಣ್ಣದಾಗುತ್ತದೆ. ಒಂದು ವರ್ಷಕ್ಕೆ ಬಾಕಿ ಸುಮಾರು 70,560. ಮೂರನೇ ವರ್ಷದ ಕೊನೆಗೆ ಸೊನ್ನೆ, ಒಡವೆ ಮನೆಗೆ. ಒಟ್ಟು ಬಡ್ಡಿ ಸುಮಾರು 19,600.

“ತಿಂಗಳಿಗೆ ಮೂರು ಸಾವಿರದ ಮೇಲೆ ಎಲ್ಲಿಂದ ತರೋಣ?” ಅಂತೀರಿ. ನ್ಯಾಯವಾದ ಪ್ರಶ್ನೆ. ಅಡಿಕೆಯೋ ಮೆಣಸಿನಕಾಯಿಯೋ ಮಾರಿದಾಗ ಮಾತ್ರ ದುಡ್ಡು ಕಾಣುವ ಮನೆಗೆ ತಿಂಗಳ ಕಂತು ಹೊಂದಲ್ಲ. ಆರು ತಿಂಗಳಲ್ಲಿ ಬೆಳೆ ಬಂದು ಪೂರ್ತಿ ತೀರಿಸುವುದು ಖಾತ್ರಿ ಇದ್ದರೆ ಬಡ್ಡಿ ಮಾತ್ರ ಕಟ್ಟುವುದೇ ಸರಿ. ನನ್ನ ತಕರಾರು ಇರೋದು ಬೆಳೆಯ ಲೆಕ್ಕವೇ ಇಲ್ಲದೆ, ಮದುವೆಗೋ ಆಸ್ಪತ್ರೆಗೋ ತೆಗೆದ ಸಾಲಕ್ಕೂ ಇದನ್ನೇ ಅಂಟಿಸುವುದರ ಬಗ್ಗೆ. ಅಸಲು ಕರಗದಷ್ಟು ದಿನ ಅವರಿಗೆ ಪೂರ್ತಿ ಲಕ್ಷದ ಮೇಲೆ ಬಡ್ಡಿ ಬರುತ್ತಲೇ ಇರುತ್ತದೆ, ಒಡವೆಯೂ ಅವರ ಲಾಕರಲ್ಲೇ. ಒಂದು ವರ್ಷ ಮಳೆ ಕೈಕೊಟ್ಟು ಬಡ್ಡಿ ನಿಂತರೆ ಹರಾಜಿನ ನೋಟಿಸ್ ಬರೋದು ಪೂರ್ತಿ ಬಾಕಿಗೇ. ನೀವು ಕಟ್ಟಿದ 36,000 ಅಲ್ಲಿ ಲೆಕ್ಕಕ್ಕಿಲ್ಲ.

ಕಂತು ಆಗದಿದ್ದರೆ ಬಡ್ಡಿಯ ಜೊತೆ ಇನ್ನೊಂದು ಸಾವಿರ ಸೇರಿಸಿ 2,000 ಕಟ್ಟಿ. 3 ವರ್ಷಕ್ಕೆ ಬಾಕಿ ಸುಮಾರು 57,000ಕ್ಕೆ ಇಳಿದಿರುತ್ತದೆ. ಆದರೆ ಸಾಲ ತೆಗೆಯುವ ಮೊದಲೇ ಕೇಳಿ: ನಡುವೆ ಕಟ್ಟಿದ ಹೆಚ್ಚಿನ ದುಡ್ಡನ್ನು ಅಸಲಿಗೆ ಜಮಾ ಮಾಡ್ತೀರಾ, ಅದಕ್ಕೆ ಚಾರ್ಜ್ ಇದೆಯಾ? ಆಮೇಲೆ ಪ್ರತಿ ತಿಂಗಳ ರಸೀದಿಯಲ್ಲಿ ಅಸಲು ಬಾಕಿ ಎಷ್ಟಿದೆ ನೋಡಿ. ಹೋದ ತಿಂಗಳ ಅಂಕಿಯೇ ಈ ತಿಂಗಳೂ ಇದ್ದರೆ ನಿಮ್ಮ ಹೆಚ್ಚಿನ ಸಾವಿರ ಎಲ್ಲಿ ಹೋಯಿತು ಅಂತ ಕೌಂಟರ್ ಬಿಟ್ಟು ಕದಲುವ ಮುಂಚೆ ಕೇಳಿ.