72 ಮೇಳಗಳು: ವಿಮರ್ಶಕರು ಕೇಳದ ಪ್ರಶ್ನೆ

17ನೆಯ ಶತಮಾನದ ತಂಜಾವೂರಿನಲ್ಲಿ 72 ಮೇಳರಾಗಗಳೂ ಹಾಡಿಕೆಯಲ್ಲಿದ್ದವೆಂದು ಬರೆಯುವ ಸಂಗೀತಚರಿತ್ರೆಯನ್ನು ‘ಆಕರಸಮೃದ್ಧ’ವೆಂದು ಹೊಗಳುವ ವಿಮರ್ಶಕರಿದ್ದಾರೆ. ಆಧಾರವೆಂದು ತೋರಿಸಿದ ವೆಂಕಟಮಖಿಯ ‘ಚತುರ್ದಂಡೀಪ್ರಕಾಶಿಕೆ’ಯನ್ನು ಅವರು ತೆರೆದು ನೋಡಿದ್ದಾರೆಯೇ? ಅಲ್ಲಿ 72 ಎಂಬುದು ಸ್ವರಭೇದಗಳನ್ನು ಬೆರೆಸಿ ಪಡೆದ ಲೆಕ್ಕ. ಪ್ರಸಿದ್ಧವೆಂದು ಅವನು ಲಕ್ಷಣ ಹೇಳಿದ್ದು 19 ಮೇಳಗಳಿಗೆ ಮಾತ್ರ. ಕನಕಾಂಬರಿ ಮೊದಲಾದ ಹೆಸರುಗಳ ಪಟ್ಟಿಯಿರುವುದು ಅನುಬಂಧದಲ್ಲಿ. ಅದು ಮೂಲಗ್ರಂಥಕ್ಕಿಂತ ಈಚಿನದೆಂದು ವಿದ್ವಾಂಸರು ತೋರಿಸಿದ್ದಾರೆ. ಅಡಿಟಿಪ್ಪಣಿಯಲ್ಲಿ ಪ್ರಕರಣವನ್ನು ಸೂಚಿಸದೆ ಗ್ರಂಥದ ಹೆಸರನ್ನಷ್ಟೇ ಕೊಟ್ಟಿದ್ದರೆ ವಿಮರ್ಶಕನಿಗೆ ಅಲ್ಲಿಯೇ ಸಂಶಯ ಹುಟ್ಟಬೇಕು. ಸಾಧ್ಯತೆಯ ಲೆಕ್ಕವನ್ನು ಪ್ರಯೋಗದ ಸಾಕ್ಷ್ಯವೆಂದು ಓದಿದವನು ಚರಿತ್ರೆಯನ್ನು ಬರೆದಂತಾಗಲಿಲ್ಲ. ಅದನ್ನು ಮರುಮಾತಿಲ್ಲದೆ ಒಪ್ಪಿದವನು ವಿಮರ್ಶೆಯನ್ನೂ ಬರೆದಂತಾಗಲಿಲ್ಲ.